ಕಡಲೆಕಾಯಿ ಓಡಿದ ಲೈನಿನಲ್ಲೇ ಡಾರ್ಕ್ ಚಾಕೊಲೇಟ್: ನನ್ನ ಅನುಭವ

ಮಡಿಕೇರಿಯ ನಮ್ಮ ಚಾಕೊಲೇಟ್ ಘಟಕದಲ್ಲಿರುವುದು ಒಂದೇ ಲೈನ್. ಕಡಲೆಕಾಯಿ ಪೇಸ್ಟಿನ ಬ್ಯಾಚ್ ಮುಗಿಸಿ ಅದರಲ್ಲೇ ಕಡಲೆಕಾಯಿ ಅಲರ್ಜಿ ಇರುವವರಿಗಾಗಿ ಕಡಲೆಕಾಯಿ ಇಲ್ಲದ ಡಾರ್ಕ್ ಚಾಕೊಲೇಟ್ ತೆಗೆಯುತ್ತೇನೆ ಎಂದಾಗ, ಇನ್ನೊಂದು ಲೈನ್ ಹಾಕದೆ ಆಗದ ಕೆಲಸ ಎಂದವರೇ ಹೆಚ್ಚು. ಈಗ ಸತತ ಮೂರು ಬ್ಯಾಚ್‌ಗಳ ಲ್ಯಾಬ್ ವರದಿ ನನ್ನ ಕೈಯಲ್ಲಿದೆ.

ಮೊದಲು ಬಿಸಿನೀರಿನಲ್ಲಿ ತೊಳೆದು ನೋಡಿದ್ದಾಯಿತು. ಅದು ಜುಲೈ ತಿಂಗಳು; ಪೈಪಿನೊಳಗಿನ ತೇವ ಎರಡು ದಿನವಾದರೂ ಆರಲಿಲ್ಲ. ಚಾಕೊಲೇಟ್ ನೀರು ಕುಡಿದು ಮುದ್ದೆಯಾಯಿತು, ಪಂಪ್ ಹಿಡಿದುಕೊಂಡಿತು, ಸುಮಾರು 40 ಕೆಜಿ ಮಾಲು ಹೋಯಿತು. ತೇವವಿದ್ದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ಹಾಗಾಗಿ ನೀರನ್ನೇ ಬಿಟ್ಟೆ. ಲೈನ್ ಬಿಸಿಯಾಗಿರುವಾಗಲೇ ಬಸಿದು, ಕೆರೆದು, ಪಂಪ್ ಸೀಲ್ ಮತ್ತು ವಾಲ್ವ್ ಬಿಚ್ಚಿ ಒರೆಸುತ್ತೇವೆ. ಬಳಿಕ ಸುಮಾರು 50 ಡಿಗ್ರಿಯ ಕೋಕೋ ಬೆಣ್ಣೆ, ಅನಂತರ ಐದೈದು ಕೆಜಿಯಂತೆ ಮೂರು ಸಲ ಡಾರ್ಕ್ ಚಾಕೊಲೇಟ್ ಹಾಯಿಸುತ್ತೇವೆ. ಯಾವ ವಾಲ್ವ್ ಯಾವಾಗ ತೆರೆಯಬೇಕೆಂಬುದು ನನ್ನಲ್ಲೇ ಇರಲಿ. ಹಾಯಿಸಿದ್ದೆಲ್ಲ ಗುರುತು ಹಾಕಿದ ಡಬ್ಬದಲ್ಲಿ ಕಾದು ಮುಂದಿನ ಕಡಲೆಕಾಯಿ ಬ್ಯಾಚಿಗೇ ಸೇರುತ್ತದೆ. ಹಾಗಾಗಿ ಖರ್ಚು ಮೂರು ಗಂಟೆಯ ಕೂಲಿ ಮಾತ್ರ. ಕೋಕೋ ಬೆಣ್ಣೆಯ ಬದಲು ಸೂರ್ಯಕಾಂತಿ ಎಣ್ಣೆಯನ್ನೂ ನೋಡಿದೆ. ಅಗ್ಗವೇನೋ ಹೌದು, ಆದರೆ ಬಾರ್ ಮೆತ್ತಗಾಯಿತು.

ಕಷ್ಟವಿದ್ದದ್ದು ಪರೀಕ್ಷೆಯಲ್ಲಿ. ಮೊದಲ ಸಲ ಹಾಯಿಸಿದ ಚಾಕೊಲೇಟಿಗೆ, ಕಡಲೆಕಾಯಿ ಪ್ರೋಟೀನ್ ಇದ್ದರೆ ಗೆರೆ ಮೂಡಿಸುವ ಪರೀಕ್ಷಾ ಸ್ಟ್ರಿಪ್ ಹಾಕಿದರೆ 'ಇಲ್ಲ' ಎಂದಿತು! ಕಡಲೆಕಾಯಿ ಅತಿಯಾಗಿದ್ದರೂ ಸ್ಟ್ರಿಪ್ ಗೆರೆ ತೋರಿಸದೇ ಇರಬಹುದು. ಅದೇ ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿದಾಗ ಗೆರೆ ಎದ್ದು ಕಂಡಿತು. ಇನ್ನೊಂದು ತೊಡಕು, ಕೋಕೋದ ಪಾಲಿಫಿನಾಲ್‌ಗಳು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ನಮ್ಮದೇ ಡಾರ್ಕ್ ಚಾಕೊಲೇಟಿಗೆ ಅಳೆದ ಕಡಲೆಕಾಯಿ ಬೆರೆಸಿ, ಕಿಟ್ ಅದನ್ನು ಹಿಡಿಯುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಂಡೆ. ಇದನ್ನು ಮಾಡದ 'ನೆಗೆಟಿವ್' ವರದಿಯನ್ನು ನಾನು ನಂಬುವುದಿಲ್ಲ.

ಕಡಲೆಕಾಯಿ ಎಷ್ಟಿದೆ ಎಂದು ಅಳೆಯುವ ಲ್ಯಾಬಿನ ಎಲಿಸಾ ಪರೀಕ್ಷೆಯಲ್ಲಿ ಮೊದಲ ಸಲದ್ದು ಕೆಜಿಗೆ ಸಾವಿರಾರು ಮಿಲಿಗ್ರಾಂ, ಮೂರನೆಯದು ಸುಮಾರು 20, ಆಮೇಲೆ ಬಂದ ಬಾರ್‌ಗಳು 2.5ಕ್ಕಿಂತ ಕಡಿಮೆ. ಅಂಟಿದ್ದು ತಡವಾಗಿಯೂ ಕಳಚಿಕೊಳ್ಳಬಹುದಾದ್ದರಿಂದ ಬ್ಯಾಚಿನ ಮೊದಲು, ನಡುವೆ, ಕೊನೆ ಮೂರೂ ಕಡೆ ಮಾದರಿ ತೆಗೆದೆ. ನಾನಿಟ್ಟುಕೊಂಡ ಮಿತಿ 10. ಆ ಮಟ್ಟದಲ್ಲಿ 40 ಗ್ರಾಂ ಬಾರಿನಲ್ಲಿರುವುದು 0.4 ಮಿಲಿಗ್ರಾಂ ಕಡಲೆಕಾಯಿ, ಅಂದರೆ ಸುಮಾರು 0.1 ಮಿಲಿಗ್ರಾಂ ಪ್ರೋಟೀನ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ, ಅಲರ್ಜಿ ಇರುವ ಬಹುತೇಕರಲ್ಲಿ ಪ್ರತಿಕ್ರಿಯೆ ತರದ ಉಲ್ಲೇಖ ಪ್ರಮಾಣ 2 ಮಿಲಿಗ್ರಾಂ ಪ್ರೋಟೀನ್. ಕಿಟ್ ಕೊಡುವ ಅಂಕಿ ಕಡಲೆಕಾಯಿಯದ್ದೋ ಅದರ ಪ್ರೋಟೀನಿನದ್ದೋ ಎಂದು ನೋಡದಿದ್ದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ಒಂದು ಸಲ ಹಾಯಿಸಿದ ಚಾಕೊಲೇಟ್ ಶುದ್ಧ ಎಂದು ಬಂದರೂ ಪಂಪ್ ಸೀಲನ್ನು ಒರೆಸಿ ತೆಗೆದ ಸ್ವಾಬ್‌ನಲ್ಲಿ ಗೆರೆ ಬಂತು. ಸೀಲಿನ ಹಿಂದೆ ಉಗುರಿನಷ್ಟು ಪೇಸ್ಟ್ ಒಣಗಿ ಕೂತಿತ್ತು. ಪ್ರತಿ ಬದಲಾವಣೆಗೂ ಪಂಪ್ ಬಿಚ್ಚುವುದು ಅದಕ್ಕಾಗಿಯೇ. ಇದೆಲ್ಲ ನುಣ್ಣನೆಯ ಪೇಸ್ಟಿಗೆ ಮಾತ್ರ. ಕಾಳಿನ ಚೂರು ಮಾದರಿಗೆ ಸಿಗದೆ ಯಾವುದೋ ಒಂದು ಬಾರಿನಲ್ಲಿ ಹೋಗಿಬಿಡಬಹುದು. ಆದ್ದರಿಂದ ಚೂರುಗಳನ್ನು ಬೇರೆ ಕೋಣೆಯಲ್ಲಿ ಕೈಯಿಂದಲೇ ಉದುರಿಸುತ್ತೇವೆ, ಆ ಅಚ್ಚುಗಳು ಲೈನಿಗೆ ಬರುವುದಿಲ್ಲ. ಗೋಡಂಬಿ ಪೇಸ್ಟ್ ಇನ್ನೂ ಶುರುಮಾಡಿಲ್ಲ. ಅದಕ್ಕೆ ಬೇರೆ ಕಿಟ್ಟು, ಮತ್ತೆ ಮೂರು ಬ್ಯಾಚಿನ ಪರೀಕ್ಷೆ ಆಗಬೇಕು.