ವಾಪಸಾತಿಗೆ ಕೊಡುವ ಕಾರಣ ಮತ್ತು ಕೈಗೆ ಬರುವ ಹಣ

ಶಿರಸಿಯಲ್ಲಿ ನಾನು ನಡೆಸುವ ಸಣ್ಣ ಮೊಬೈಲ್ ಅಂಗಡಿಗೆ ಸುತ್ತಲಿನ ಹಳ್ಳಿಯವರು ರೀಚಾರ್ಜಿಗೆ ಬರುವಷ್ಟೇ, ಆ್ಯಪಿನಲ್ಲಿ ತರಿಸಿದ ವಸ್ತುವನ್ನು ವಾಪಸ್ ಹಾಕಿಸುವುದಕ್ಕೂ ಬರುತ್ತಾರೆ. ಕಾರಣ ಕೇಳುವ ಪುಟದಲ್ಲಿ ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುವುದು ಹೆಚ್ಚಿನವರ ರೂಢಿ. ಆದರೆ ವಸ್ತುವನ್ನು ಒಯ್ಯುವ ವೆಚ್ಚ ಯಾರ ಪಾಲಿಗೆ ಬೀಳುತ್ತದೆ ಎಂಬುದು ಬಹಳಷ್ಟು ಆ್ಯಪ್‌ಗಳಲ್ಲಿ ಆ ಒಂದು ಆಯ್ಕೆಯಿಂದಲೇ ತೀರ್ಮಾನವಾಗುತ್ತದೆ.

ಕಾರಣಗಳ ಪಟ್ಟಿ ಉದ್ದವಿದ್ದರೂ ಒಳಗೆ ಇರುವುದು ಎರಡೇ ಗುಂಪು. ಒಡೆದದ್ದು, ಕೆಟ್ಟದ್ದು, ಬೇರೆ ವಸ್ತು ಬಂದದ್ದು, ವಿವರಣೆಗೆ ಹೊಂದದ್ದು ಇವೆಲ್ಲ ಮಾರುವವರ ತಪ್ಪು. ಅಳತೆ ಹೊಂದಲಿಲ್ಲ, ಮನಸ್ಸು ಬದಲಾಯಿತು, ಬೇರೆಡೆ ಅಗ್ಗಕ್ಕೆ ಸಿಕ್ಕಿತು ಇವೆಲ್ಲ ಕೊಳ್ಳುವವರ ಇಚ್ಛೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು ಮತ್ತು ಅದರ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಎರಡನೆಯ ಗುಂಪಿಗೆ ಆ ರಕ್ಷಣೆ ಇಲ್ಲ. ಅಲ್ಲಿ ವಾಪಸಾತಿ ಎಂಬುದು ಆ್ಯಪ್ ತಾನಾಗಿ ಕೊಡುವ ಸೌಲಭ್ಯ, ಆದ್ದರಿಂದ ಶುಲ್ಕವೂ ಅದರದೇ ಲೆಕ್ಕ.

ಕಳೆದ ಮಳೆಗಾಲಕ್ಕೆ ಮುಂಚೆ ಹುಲೇಕಲ್ ಕಡೆಯ ಒಬ್ಬರು ಮಗನಿಗೆ ತರಿಸಿದ ಬೂಟಿನ ಪೆಟ್ಟಿಗೆ ಹಿಡಿದು ಬಂದರು. "ದೊಡ್ಡದಾತು, ವಾಪಸ್ ಹಾಕಿಕೊಡಿ" ಎಂದರು. ಬೂಟಿನ ಬೆಲೆ 1,200 ರೂಪಾಯಿ. ಕೂಪನ್ನಿನಿಂದ 120 ಕಡಿತವಾಗಿ, ತಲುಪಿಸುವ ಶುಲ್ಕ 50 ಮತ್ತು ಆ್ಯಪಿನ ಬಳಕೆ ಶುಲ್ಕ 7 ಸೇರಿ ಅವರು ಕೊಟ್ಟದ್ದು 1,137. ಅಳತೆ ಹೊಂದಲಿಲ್ಲ ಎಂಬುದನ್ನು ಒತ್ತಿ ಮುಂದಿನ ಪುಟಕ್ಕೆ ಹೋದಾಗ, ಮರಳುವ ಮೊತ್ತ 1,001 ಎಂದು ತೋರಿಸಿತು. ಕೂಪನ್ ಕಳೆದ ಬೆಲೆಯಾದ 1,080ರಿಂದ ಪಿಕಪ್ ಶುಲ್ಕ 79 ಮುರಿದುಕೊಂಡಿದ್ದರು. ಬರುವಾಗ ಕೊಟ್ಟ 50 ಮತ್ತು 7 ಲೆಕ್ಕಕ್ಕೇ ಬಂದಿರಲಿಲ್ಲ. ಈ ಪುಟ ಬರುವುದು ಕೊನೆಯ ಒಪ್ಪಿಗೆ ಒತ್ತುವ ಮೊದಲು, ಹಾಗಾಗಿ ಅಲ್ಲಿಂದ ಹಿಂದೆ ಬರಲು ಯಾವ ತೊಂದರೆಯೂ ಇಲ್ಲ.

ನಾನು ಹಿಂದೆ ಬಂದು ಪೆಟ್ಟಿಗೆಯನ್ನು ನೋಡಿದೆ. ಆರ್ಡರ್ ವಿವರದಲ್ಲಿ 8 ಎಂದಿತ್ತು, ಪೆಟ್ಟಿಗೆಯ ಚೀಟಿಯಲ್ಲೂ 8, ಆದರೆ ಬೂಟಿನ ನಾಲಗೆಯ ಒಳಬದಿಯಲ್ಲಿ ಅಚ್ಚಾದದ್ದು 9. ಅಂದರೆ ಕಾಲಿಗೆ ಅಳತೆ ಹೊಂದದ ಪ್ರಶ್ನೆಯೇ ಇರಲಿಲ್ಲ, ಕೇಳಿದ ವಸ್ತುವೇ ಬಂದಿರಲಿಲ್ಲ. ತಪ್ಪು ವಸ್ತು ಬಂದಿದೆ ಎಂಬ ಕಾರಣ ಆರಿಸಿ, ಪೆಟ್ಟಿಗೆಯ ಚೀಟಿಯೂ ಬೂಟಿನ ಅಂಕಿಯೂ ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೋ ತೆಗೆದು ಸೇರಿಸಿದಾಗ, ಅದೇ ಪುಟ ಪೂರ್ತಿ 1,137 ತೋರಿಸಿತು. 136 ರೂಪಾಯಿಯ ವ್ಯತ್ಯಾಸ. ಪಿಕಪ್ಪಿನ ಹೊರೆ ಮಾರಾಟಗಾರನ ಕಡೆಗೆ ಹೋಯಿತು. ದರಗಳು ಆ್ಯಪ್‌ನಿಂದ ಆ್ಯಪ್‌ಗೆ ಬೇರೆಯಾಗುವುದರಿಂದ ಈ ಅಂಕಿಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಆ ಪುಟವನ್ನು ಓದಿದರೆ ಸಾಕು.

ಇದನ್ನು ಕಂಡ ಕೆಲವರು ಎಲ್ಲದಕ್ಕೂ ಕೆಟ್ಟಿದೆ ಎಂದೇ ಒತ್ತಿಕೊಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಅದು ಸುಳ್ಳು ಎಂಬ ಕಾರಣ ಒಂದಾದರೆ, ನಡೆಯುವುದೂ ಇಲ್ಲ ಎಂಬುದು ಇನ್ನೊಂದು. ಒಯ್ಯಲು ಬರುವ ಹುಡುಗನ ಫೋನಿನಲ್ಲಿ ನಾವು ಕೊಟ್ಟ ಕಾರಣವೂ ವಸ್ತುವಿನ ಚಿತ್ರವೂ ಇರಬಹುದು. ತಾಳೆಯಾಗದಿದ್ದರೆ ಬಾಗಿಲಲ್ಲೇ ಪಿಕಪ್ ರದ್ದಾಗುತ್ತದೆ. ಅಲ್ಲಿ ದಾಟಿದರೂ ಗೋದಾಮಿನ ಪರಿಶೀಲನೆಯಲ್ಲಿ ದೋಷ ಕಾಣದಿದ್ದರೆ ಹಣ ತಡೆಹಿಡಿದು ವಸ್ತುವನ್ನೇ ಮರಳಿ ಕಳಿಸುವುದುಂಟು, ಮತ್ತೆ ಮತ್ತೆ ಹೀಗಾದ ಖಾತೆಗೆ ವಾಪಸಾತಿಯ ಸೌಲಭ್ಯವೇ ಮೊಟಕಾಗಬಹುದು. ನಿಜವಾಗಿ ಅಳತೆಯದೇ ತೊಂದರೆಯಾದರೆ, ಹಣದ ಬದಲು ಬೇರೆ ಅಳತೆಯ ವಿನಿಮಯ ಇದೆಯೇ ಎಂದು ನೋಡುತ್ತೇನೆ. ಹಲವು ಕಡೆ ಅದಕ್ಕೆ ಪಿಕಪ್ ಶುಲ್ಕ ಇರುವುದಿಲ್ಲ.

ತಪ್ಪು ಕಾರಣ ಒಪ್ಪಿಕೊಂಡು ಮುಗಿಸಿದವರಿಗೂ ದಾರಿಯಿದೆ. ಕಾರಣವನ್ನು ತಿದ್ದಲು ಸಾಮಾನ್ಯವಾಗಿ ಬಿಡುವುದಿಲ್ಲ, ಆದರೆ ವಸ್ತು ಮನೆಯಿಂದ ಹೊರಡುವ ಮೊದಲು ಕೋರಿಕೆಯನ್ನು ರದ್ದು ಮಾಡಿ ಹೊಸದಾಗಿ ಹಾಕಬಹುದು. ವಾಪಸಾತಿಯ ಅವಧಿ ಉಳಿದಿದೆಯೇ ಎಂದು ರದ್ದು ಮಾಡುವ ಮುಂಚೆಯೇ ನೋಡಬೇಕು, ಏಕೆಂದರೆ ಅವಧಿ ಕಳೆದಿದ್ದರೆ ಹೊಸ ಕೋರಿಕೆ ಹುಟ್ಟುವುದಿಲ್ಲ.

ಘಟ್ಟದ ಒಳಹಳ್ಳಿಗಳಿಗೆ ಇನ್ನೊಂದು ತೊಡಕು. ತಲುಪಿಸಲು ಬರುವ ಪಿನ್‌ಕೋಡಿಗೇ ಪಿಕಪ್ ಇಲ್ಲ ಎಂದು ಬರುವುದುಂಟು. ಆಗ ನೀವೇ ಕೊರಿಯರ್ ಮಾಡಿ, ವೆಚ್ಚವನ್ನು ಒಂದು ಮಿತಿಯೊಳಗೆ ಮರಳಿಸುತ್ತೇವೆ ಎನ್ನುತ್ತಾರೆ. ಆ ಮಿತಿ ಎಷ್ಟೆಂದು ಚಾಟ್‌ನಲ್ಲಿ ಬರೆಸಿಕೊಂಡ ಬಳಿಕವೇ ನಾನು ಸ್ಪೀಡ್ ಪೋಸ್ಟಿಗೆ ಕಳಿಸುವುದು. ತೂಕ, ಮೊತ್ತ, ಟ್ರ್ಯಾಕಿಂಗ್ ಸಂಖ್ಯೆ ಮೂರೂ ಕಾಣುವ ರಸೀದಿಯ ಚಿತ್ರವನ್ನು ಅದೇ ದಿನ ಏರಿಸುತ್ತೇನೆ. ದೋಷವಿದ್ದ ವಸ್ತುವಿಗೂ ಶುಲ್ಕ ಮುರಿದಿದ್ದರೆ, ಮೊದಲು ಆ್ಯಪಿನ ದೂರು ಅಧಿಕಾರಿಗೆ ಬರೆದು, ಅಲ್ಲಿ ಬಗೆಹರಿಯದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗಲೂ, ಮೊತ್ತ ತೋರಿಸಿದ ಆ ಪುಟದ ಸ್ಕ್ರೀನ್‌ಶಾಟನ್ನೇ ಜೊತೆಗೆ ಇಡುತ್ತೇನೆ.