ಡಿಶ್‌ವಾಷರ್‌ನಿಂದ ತೆಗೆದ ತಾಟು ಖರಖರ ಅಂದಾಗ

ಡಿಶ್‌ವಾಷರ್‌ನಿಂದ ತೆಗೆದ ತಾಟಿನ ಮೇಲೆ ಬೆರಳಾಡಿಸಿದರೆ ಸಣ್ಣ ಉಸುಕು ಹತ್ತಿದಂತಾದರೆ, ನಮ್ಮ ವಿಜಯಪುರದಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಉಪ್ಪು ಮುಗದಿರಬೇಕು ನೋಡ್ರಿ." ನೀರು ಮೆದು ಮಾಡಲು ಮಷಿನ್ನಿನ ತೊಟ್ಟಿಗೆ ಉಪ್ಪು ಹಾಕುತ್ತಾರೆ, ಹಾಗಾಗಿ ಸವಳು ನೀರಿನ ಊರಲ್ಲಿ ಆ ಅನುಮಾನ ಬರುವುದು ಸಹಜ. ಈ ಬೇಸಿಗೆಯಲ್ಲಿ ನಮ್ಮ ಮನೆಯ ಮಷಿನ್ನಿಗೆ ಇದೇ ಕಾಯಿಲೆ ಬಂತು. ಉಪ್ಪಿನ ಡಬ್ಬಿಗೆ ಕೈ ಹಾಕುವ ಮುಂಚೆ ಆ ಖರಖರ ಏನೆಂದು ನೋಡಬೇಕು ಅನ್ನಿಸಿತು. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಒಣಗಿದ ತಾಟಿನ ಒಂದು ಮೂಲೆಗೆ ಬರೀ ನೀರು ಹಚ್ಚಿ ನೋಡಿ. ಬಿಳುಪು ಕರಗಿ ಹೋದರೆ ಅದು ಉಪ್ಪು. ಉಪ್ಪಿನ ತೊಟ್ಟಿಯ ಮುಚ್ಚಳ ಸರಿಯಾಗಿ ಕೂತಿಲ್ಲ, ಉಪ್ಪುನೀರು ಒಳಗೆ ಸೋರುತ್ತಿದೆ ಎಂದರ್ಥ. ನೀರಿಗೆ ಹೋಗದೆ ವಿನೆಗರ್ ಅಥವಾ ಲಿಂಬೆರಸಕ್ಕೆ ಹೋದರೆ ಅದು ಸುಣ್ಣ. ಅದಕ್ಕೂ ಜಗ್ಗದೆ ಉಗುರಿನಿಂದ ಕೆರೆದಾಗ ಹಿಟ್ಟಿನ ಹಾಗೆ ಎದ್ದು ಬಂದರೆ ಅದು ಊಟದ ಮುಸುರಿ. ಗಾಜಿನ ಮೇಲೆ ಮಾತ್ರ ಮಬ್ಬಿದ್ದು ಯಾವುದಕ್ಕೂ ಹೋಗದಿದ್ದರೆ ಗಾಜೇ ಸವೆದಿದೆ, ಅದು ಮರಳಿ ಹೊಳೆಯುವುದಿಲ್ಲ.

ನಮ್ಮಲ್ಲಿ ಕೆಳಗಿನ ಟ್ರೇಯ ತಾಟುಗಳಿಗೆ ಮೂರನೆಯದು, ಮೇಲಿನ ಟ್ರೇಯ ಗ್ಲಾಸುಗಳಿಗೆ ಎರಡನೆಯದು ಇತ್ತು. ಎರಡು ರೋಗ ಒಟ್ಟಿಗೇ ಬಂದಿದ್ದವು. ಬರೀ ಉಪ್ಪು ತುಂಬಿದ್ದರೆ ಎರಡೂ ಹಾಗೇ ಉಳಿಯುತ್ತಿದ್ದವು.

ಮೊದಲು ತಾಟಿನ ಕಡೆ. ಕೆಳಗಿನ ಟ್ರೇ ಹೊರಗೆಳೆದು, ತಳದ ಗುಂಡಿಯಲ್ಲಿರುವ ಫಿಲ್ಟರ್ ಅನ್ನು ಎಡಕ್ಕೆ ತಿರುಗಿಸಿ ಎತ್ತಿದೆ. ಅದರ ಕೆಳಗಿನ ಚಪ್ಪಟೆ ಜಾಳಿಯೂ ಬಂತು. ಜಾಳಿಗೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದಾಗ ನಮ್ಮ ಅಡಿಗೆಮನೆಯೇ ಅಲ್ಲಿತ್ತು: ಶೇಂಗಾ ಹಿಂಡಿಯ ಕಾಳು, ಗುರೆಳ್ಳಿನ ಸಿಪ್ಪೆ, ರೊಟ್ಟಿಗೆ ಹಚ್ಚಿದ ಜೋಳದ ಹಿಟ್ಟು, ಎಲ್ಲದರ ಮೇಲೆ ಎಣ್ಣೆಗಾಯಿಯ ಜಿಡ್ಡು. ಒಣಹಿಟ್ಟು ಬಿಸಿನೀರಿಗೆ ಬಿದ್ದರೆ ಅಂಬಲಿಯಾಗುತ್ತದೆ. ಆ ಅಂಬಲಿ ಜಾಳಿಯ ಕಣ್ಣು ಮುಚ್ಚುತ್ತದೆ. ಮಷಿನ್ ಅದೇ ನೀರನ್ನು ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿಸಿ ತೊಳೆಯುವುದರಿಂದ ಮುಸುರಿ ತಾಟಿನಿಂದ ತಾಟಿಗೆ ಹೋಗಿ ಕೂರುತ್ತದೆ.

ಜಾಳಿಯನ್ನು ಬಿಸಿನೀರು, ಭಾಂಡೆ ತೊಳೆಯುವ ಸೋಪು ಮತ್ತು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿದೆ. ಸ್ಟೀಲಿನ ತಿಕ್ಕುವ ಜುಂಗು ಬೇಡ, ಸಣ್ಣ ಜಾಳಿ ಹರಿಯುತ್ತದೆ. ಹರಿದ ಜಾಳಿ ಕೊಳೆಯಾದ ಜಾಳಿಗಿಂತ ಕೆಟ್ಟದ್ದು. ಮರಳಿ ಕೂರಿಸುವಾಗ ಚಪ್ಪಟೆ ಜಾಳಿಯ ಅಂಚು ಎಲ್ಲೂ ಎದ್ದಿರಬಾರದು, ಫಿಲ್ಟರ್ ಬಲಕ್ಕೆ ತಿರುಗಿ ಗಟ್ಟಿಯಾಗಿ ನಿಲ್ಲಬೇಕು. ಒಂದು ಎಳೆ ಸಂದಿ ಉಳಿದರೂ ಕಾಳು ಪಂಪಿನೊಳಗೆ ಹೋಗಿ, ಅಲ್ಲಿಂದ ತಿರುಗುತ್ತ ನೀರು ಚಿಮ್ಮಿಸುವ ಸ್ಪ್ರೇ ಆರ್ಮ್‌ಗೆ ಏರುತ್ತದೆ.

ನಮ್ಮಲ್ಲಿ ಏರಿಯೂ ಇತ್ತು. ಕೆಳಗಿನ ಸ್ಪ್ರೇ ಆರ್ಮ್ ಮೇಲಕ್ಕೆ ಜಗ್ಗಿದರೆ ಕಳಚಿ ಬರುತ್ತದೆ, ಮೇಲಿನದಕ್ಕೆ ನಡುವೆ ಒಂದು ಪ್ಲಾಸ್ಟಿಕ್ ನಟ್ ಇರುತ್ತದೆ. ಎಲ್ಲ ಮಷಿನ್ನಿಗೂ ಹೀಗೇ ಇರಲಿಕ್ಕಿಲ್ಲ, ನಿಮ್ಮ ಪುಸ್ತಕ ನೋಡಿ. ಕಳಚಿದ ಮೇಲೆ ಕಿವಿಯ ಹತ್ತಿರ ಅಲುಗಾಡಿಸಿದೆ. ಒಳಗೆ ಏನೋ ಸರಿದಾಡಿತು. ನೀರು ಹೋಗುವ ದೊಡ್ಡ ಬಾಯಿಯನ್ನು ನಳದ ಕೆಳಗೆ ಹಿಡಿದಾಗ ಕೆಲವು ತೂತುಗಳಿಂದ ನೇರ ಧಾರೆ, ಕೆಲವಿಂದ ಹನಿ, ತುದಿಯ ಒಂದರಿಂದ ಏನೂ ಇಲ್ಲ. ಈ ತುದಿಯ ತೂತು ಮುಖ್ಯ. ಓರೆಯಾಗಿ ಕೊರೆದ ತೂತಿನಿಂದ ನೀರು ನುಗ್ಗುವ ಜೋರಿಗೇ ಆರ್ಮ್ ತಿರುಗುವುದು. ಅದು ಕಟ್ಟಿದರೆ ಆರ್ಮ್ ನಿಧಾನವಾಗುತ್ತದೆ ಅಥವಾ ನಿಂತೇಬಿಡುತ್ತದೆ. ಆಗ ಟ್ರೇಯ ಒಂದು ಬದಿಯ ಭಾಂಡೆಗೆ ನೀರೇ ತಾಗುವುದಿಲ್ಲ.

ತೂತಿಗೆ ತೆಳ್ಳಗಿನ ತಾಮ್ರದ ತಂತಿ ಹಾಕಿ ತಿರುವಿದೆ. ಹಲ್ಲುಕಡ್ಡಿಯೂ ಆಗುತ್ತದೆ, ಆದರೆ ನೆನೆದ ಕಡ್ಡಿ ಒಳಗೆ ಮುರಿದರೆ ಹೊಸ ತಲೆನೋವು. ತೂತು ದೊಡ್ಡದಾಗಬಾರದು, ದೊಡ್ಡದಾದರೆ ಧಾರೆಯ ಜೋರು ಹೋಗುತ್ತದೆ. ಆಮೇಲೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿ, ಆರ್ಮನ್ನು ಅರ್ಧ ತಾಸು ಮುಳುಗಿಸಿಟ್ಟೆ. ತೂತಿನ ಅಂಚಿಗೆ ಕಟ್ಟಿದ ಸುಣ್ಣ ಮೆತ್ತಗಾಯಿತು. ಬಾಯಿ ಕೆಳಗೆ ಮಾಡಿ ಬಡಿದಾಗ ಒಂದು ಒಡೆದ ಶೇಂಗಾ ಬೀಜ ಹೊರಬಿತ್ತು. ಮರಳಿ ಹಾಕಿದ ಮೇಲೆ ಕೈಯಿಂದ ತಿರುಗಿಸಿ ನೋಡಿ, ತಡೆಯಿಲ್ಲದೆ ತಿರುಗಬೇಕು. ಟ್ರೇಯಿಂದ ಕೆಳಗೆ ಇಳಿಬಿದ್ದ ಒಂದು ಸೌಟು ಕೂಡ ಅದನ್ನು ನಿಲ್ಲಿಸಬಲ್ಲದು.

ಇಷ್ಟಕ್ಕೇ ತಾಟು ಸ್ವಚ್ಛವಾದವು. ನಮ್ಮ ಅತ್ತೆ ಹಿಂಡಿಯ ತಾಟು ಕೈಯಲ್ಲಿ ತಿರುಗಿಸಿ, "ಈಗ ನುಣ್ಣಗ ಅದ, ಆದ್ರ ಗ್ಲಾಸ್ ಯಾಕ ಹಂಗ ಬೆಳ್ಳಗ ಉಳದಾವ?" ಎಂದರು. ಅದು ನೀರಿನ ಪ್ರಶ್ನೆ.

ಮಳೆಗಾಲದಲ್ಲಿ ನಮ್ಮ ಟ್ಯಾಂಕಿಗೆ ಹೆಚ್ಚಾಗಿ ನಳದ ನೀರು ಬರುತ್ತದೆ. ಬೇಸಿಗೆಯಲ್ಲಿ ಬೋರ್ ನೀರೇ ಗತಿ. ಮಷಿನ್ನಿನಲ್ಲಿ ನೀರಿನ ಗಡಸುತನದ ಸೆಟ್ಟಿಂಗ್ ಮಾತ್ರ ನಳದ ನೀರಿಗೆ ಇಟ್ಟದ್ದೇ ಇತ್ತು. ಗಡಸುತನ ಅಳೆಯುವ ಪಟ್ಟಿಯನ್ನು ಬೋರ್ ನೀರಿಗೆ ಅದ್ದಿದಾಗ ಸುಮಾರು 500 ಪಿಪಿಎಂ ತೋರಿಸಿತು. ಮಷಿನ್ ಪುಸ್ತಕದಲ್ಲಿ ಲೆಕ್ಕ ಜರ್ಮನ್ ಡಿಗ್ರಿಯಲ್ಲಿರುತ್ತದೆ. ಒಂದು ಡಿಗ್ರಿ ಅಂದರೆ 17.8 ಪಿಪಿಎಂ, ಹಾಗಾಗಿ 500 ಅನ್ನು ಭಾಗಿಸಿದರೆ 28 ಡಿಗ್ರಿ. ಪುಸ್ತಕದ ಕೋಷ್ಟಕದಲ್ಲಿ 28 ಯಾವ ಸಾಲಿಗೆ ಬರುತ್ತದೋ ಆ ಸೆಟ್ಟಿಂಗಿಗೆ ಏರಿಸಿದೆ. ಡಿಟರ್ಜಂಟ್ ಜೊತೆ ಎಲ್ಲ ಸೇರಿದ ಗುಳಿಗೆ ಹಾಕಿದರೆ ಬೇರೆ ಉಪ್ಪು ಬೇಡ ಎನ್ನುವವರಿದ್ದಾರೆ. ಅನೇಕ ಗುಳಿಗೆಗಳ ಶಕ್ತಿ ಸುಮಾರು 21 ಡಿಗ್ರಿವರೆಗೆ ಮಾತ್ರ, ನಮ್ಮ ಬೋರ್ ನೀರು ಅದನ್ನು ದಾಟಿದೆ.

ಉಪ್ಪು ಭಾಂಡೆ ತೊಳೆಯುವುದಿಲ್ಲ. ಮಷಿನ್ನಿನೊಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿ ತುಂಬಿದಾಗ ಉಪ್ಪುನೀರು ಹರಿದು ಅವನ್ನು ತೊಳೆದು ಮತ್ತೆ ತಯಾರು ಮಾಡುತ್ತದೆ. ಎಷ್ಟು ಸಲ ಹರಿಯಬೇಕು ಎಂಬುದನ್ನು ಸೆಟ್ಟಿಂಗ್ ಹೇಳುತ್ತದೆ. ಸೆಟ್ಟಿಂಗ್ ಕಡಿಮೆ ಇದ್ದರೆ ತೊಟ್ಟಿ ತುಂಬ ಉಪ್ಪಿದ್ದರೂ ಗ್ಲಾಸು ಬೆಳ್ಳಗಾಗುತ್ತವೆ, ನಮ್ಮಲ್ಲಿ ಆದದ್ದು ಅದೇ. ಏರಿಸಿದ ಮರುದಿನವೇ ಫಲ ಕಾಣಲಿಲ್ಲ, ಉಪ್ಪುನೀರು ಮಣಿಗಳನ್ನು ಒಮ್ಮೆ ತೊಳೆದ ಮೇಲೆ ಕಂಡಿತು. ಆಗ ತೊಳೆತ ಮುಗಿದ ಕೂಡಲೇ ಫಿಲ್ಟರ್ ಗುಂಡಿಯಲ್ಲಿ ಉಳಿದ ನೀರಿಗೂ ಪಟ್ಟಿ ಅದ್ದಿದೆ. ಬೋರ್ ನೀರಿನಲ್ಲಿ ಬಂದದ್ದಕ್ಕಿಂತ ಬಹಳ ಕಡಿಮೆ ಗಡಸುತನದ ಬಣ್ಣ ಬಂತು.

ಉಪ್ಪು ಡಿಶ್‌ವಾಷರ್‌ಗೆಂದೇ ಮಾರುವ ದಪ್ಪ ಹರಳಿನದೇ ಇರಲಿ. ಅಡಿಗೆಯ ಪುಡಿ ಉಪ್ಪಿನಲ್ಲಿ ಗಂಟಾಗದಂತೆ ಸೇರಿಸಿದ ಪದಾರ್ಥಗಳಿರುತ್ತವೆ, ಅವು ಒಳಗೆ ಕಟ್ಟಿಕೊಳ್ಳುತ್ತವೆ. ಡಿಟರ್ಜಂಟ್ ಪುಡಿ ಅಪ್ಪಿತಪ್ಪಿಯೂ ಆ ತೊಟ್ಟಿಗೆ ಬೀಳಬಾರದು, ರೆಸಿನ್ ಹಾಳಾಗುತ್ತದೆ. ಉಪ್ಪು ಸುರಿಯುವಾಗ ಒಳಗಿದ್ದ ನೀರು ಉಕ್ಕಿ ಹೊರಬರುವುದು ಸರಿಯೇ. ಬಾಯಿಯ ಸುತ್ತ ಬಿದ್ದ ಹರಳು ಒರೆಸಿ, ಮುಚ್ಚಳ ಬಿಗಿ ಮಾಡಿ, ತಕ್ಷಣ ಮಷಿನ್ ಓಡಿಸಿ. ಸ್ಟೀಲಿನ ಮೇಲೆ ಉಪ್ಪುನೀರು ರಾತ್ರಿಯಿಡೀ ನಿಂತರೆ ಕಲೆ ಕೂರುತ್ತದೆ. ತುಂಬಿದ ಮೇಲೂ ಉಪ್ಪಿನ ದೀಪ ಸ್ವಲ್ಪ ಹೊತ್ತು ಉರಿಯುತ್ತದೆ, ಉಪ್ಪು ಕರಗಿದ ಮೇಲೆ ಆರುತ್ತದೆ.

ಜೂನ್ ಬಳಿಕ ನಳದ ನೀರು ಬಂದಾಗ ಮತ್ತೆ ಪಟ್ಟಿ ಅದ್ದಿ ಸೆಟ್ಟಿಂಗ್ ಇಳಿಸುತ್ತೇನೆ. ನೀರು ಮೆದುವಾಗಿದ್ದಾಗ ಸೆಟ್ಟಿಂಗ್ ಮೇಲೇ ಇದ್ದರೆ ಉಪ್ಪು ಸುಮ್ಮನೆ ಖರ್ಚಾಗುತ್ತದೆ, ಅತಿ ಮೆದು ನೀರಿಗೆ ಡಿಟರ್ಜಂಟ್ ಹೆಚ್ಚಾದರೆ ಗಾಜು ಸವೆಯುವ ಭಯವೂ ಇದೆ. ಫಿಲ್ಟರ್ ಮಾತ್ರ ರೊಟ್ಟಿ, ಹಿಂಡಿ ನಡೆಯುವ ಮನೆಯಲ್ಲಿ ವಾರಕ್ಕೊಮ್ಮೆ ಹೊರಗೆ ಬರಲೇಬೇಕು.