ಎನ್‌ಆರ್‌ಇ ಮತ್ತು ಎನ್‌ಆರ್‌ಒ ಸ್ಟೇಟ್‌ಮೆಂಟುಗಳನ್ನು ಜೊತೆಗಿಟ್ಟು ಓದಿದ ಅನುಭವ

ವಿಜಯಪುರದಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಬಳಿಗೆ ಬರುವ ಅನಿವಾಸಿಗಳ ಕಡತಗಳಲ್ಲಿ ಬಹುಪಾಲು ಕೊಲ್ಲಿ ದೇಶಗಳಲ್ಲಿ ದುಡಿಯುವವರವು. ಅವರ ಪರವಾಗಿ ಕಾಗದಪತ್ರ ತರುವವರು ಸಾಮಾನ್ಯವಾಗಿ ಊರಲ್ಲಿರುವ ತಂದೆ ಅಥವಾ ಅಣ್ಣ. 2023-24ರ ಹಣಕಾಸು ವರ್ಷದಲ್ಲಿ ನೋಡಿದ ಒಂದು ಕಡತವನ್ನು ಇಲ್ಲಿ ವಿವರಿಸುತ್ತೇನೆ. ಮಗ ದುಬೈನಲ್ಲಿ ಎಂಜಿನಿಯರ್. ಅಜ್ಜನಿಂದ ಅವನ ಪಾಲಿಗೆ ಬಂದಿದ್ದ ಜಲನಗರದ ನಿವೇಶನವನ್ನು ಮಾರಿ, ಆ ಹಣವನ್ನು ಅಲ್ಲಿಗೆ ಒಯ್ಯಬೇಕಾಗಿತ್ತು. ಎರಡು ಸ್ಟೇಟ್‌ಮೆಂಟುಗಳನ್ನು ಮೇಜಿನ ಮೇಲಿಟ್ಟ ತಂದೆ, "ಸರ, ರೊಕ್ಕ ಎಲ್ಲಾ ನಮ್ಮ ಹುಡುಗಂದ ಐತಿ, ಮತ್ತ ಎರಡ ಖಾತೆ ಯಾಕ ಬೇಕ್ರಿ?" ಎಂದು ಕೇಳಿದರು. "ಕಾಕಾ, ರೊಕ್ಕ ಯಾರದು ಅನ್ನೋದಕ್ಕಿಂತ ಎಲ್ಲಿಂದ ಬಂತು ಅನ್ನೋದನ್ನ ಬ್ಯಾಂಕ್ ನೋಡ್ತದ" ಎಂದು ಹೇಳಿ, ನಾನು ಎನ್‌ಆರ್‌ಇ ಹಾಳೆಯನ್ನು ಎತ್ತಿಕೊಂಡೆ. ಅನಿವಾಸಿಯ ಹೊರದೇಶದ ಗಳಿಕೆಗೆ ಎನ್‌ಆರ್‌ಇ ಖಾತೆ, ಈ ದೇಶದೊಳಗಿನ ಹಣಕ್ಕೆ ಎನ್‌ಆರ್‌ಒ ಖಾತೆ.

ಇಂತಹ ಸ್ಟೇಟ್‌ಮೆಂಟಿನಲ್ಲಿ ನಾನು ಮೊದಲು ಶಿಲ್ಕನ್ನು ನೋಡುವುದಿಲ್ಲ. ಜಮೆಯ ಕಾಲಮ್ಮನ್ನು ಮಾತ್ರ ಹಿಡಿದು, ಪ್ರತಿ ಜಮೆಯ ಎದುರು ಅದರ ಮೂಲವನ್ನು ಪೆನ್ಸಿಲ್ಲಿನಿಂದ ಬರೆಯುತ್ತೇನೆ. ಎನ್‌ಆರ್‌ಇ ಉಳಿತಾಯ ಖಾತೆಗೆ ಹೊರದೇಶದಿಂದ ಬಂದ ಹಣ, ಇನ್ನೊಂದು ಎನ್‌ಆರ್‌ಇ ಅಥವಾ ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿ ಖಾತೆಯಿಂದ ಬಂದ ವರ್ಗಾವಣೆ, ಆ ಖಾತೆಯದೇ ಬಡ್ಡಿ, ಆ ಖಾತೆಯ ಹಣದಿಂದಲೇ ಮಾಡಿದ ಹೂಡಿಕೆ ಮರಳಿ ಬಂದದ್ದು, ಮತ್ತು ತೆರಿಗೆಯ ದಾಖಲೆಯೊಡನೆ ಎನ್‌ಆರ್‌ಒದಿಂದ ಬಂದದ್ದು ಸೇರಬಹುದು. ಖಾತೆದಾರ ಊರಿಗೆ ಬಂದಾಗ ತಂದ ವಿದೇಶಿ ನೋಟುಗಳನ್ನೂ ಕಟ್ಟಬಹುದು, ಆದರೆ ಅವನ್ನು ನೋಟುಗಳಾಗಿಯೇ ಬ್ಯಾಂಕಿಗೆ ಒಪ್ಪಿಸಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಂದವರು ದಿರ್ಹಮನ್ನು ಹೊರಗೆ ಬದಲಾಯಿಸಿ, ಕೈಗೆ ಬಂದ ರೂಪಾಯಿಯನ್ನು ಎನ್‌ಆರ್‌ಇಗೆ ಕಟ್ಟಲು ಹೋದರೆ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ.

ಈ ಹಾಳೆಯಲ್ಲಿ ತಿಂಗಳ ಸಂಬಳದ ಜಮೆಗಳು ನನ್ನನ್ನು ಸ್ವಲ್ಪ ಹೊತ್ತು ತಡೆದವು. ಅವೆಲ್ಲವೂ ನೆಫ್ಟ್ ಮೂಲಕ, ಭಾರತದ್ದೇ ಇನ್ನೊಂದು ಬ್ಯಾಂಕಿನ ಹೆಸರಿನಲ್ಲಿ ಬಂದಿದ್ದವು. ಮೇಲುನೋಟಕ್ಕೆ ಯಾರೋ ಊರವರೇ ಕಳಿಸಿದ ದುಡ್ಡಿನಂತೆ ಕಾಣುತ್ತಿತ್ತು. ಕೊಲ್ಲಿಯ ಎಕ್ಸ್‌ಚೇಂಜ್ ಹೌಸುಗಳು ಭಾರತದ ಬ್ಯಾಂಕುಗಳಲ್ಲಿ ವೋಸ್ಟ್ರೋ ಎಂಬ ರೂಪಾಯಿ ಖಾತೆ ಇಟ್ಟಿರುತ್ತವೆ. ಅಲ್ಲಿ ದಿರ್ಹಮ್ ಕಟ್ಟಿದಾಗ ಇಲ್ಲಿ ಆ ಖಾತೆಯಿಂದ ರೂಪಾಯಿ ಹೊರಟು ಸ್ವೀಕರಿಸುವವರ ಖಾತೆಗೆ ಸೇರುತ್ತದೆ. ಹೀಗಾಗಿ ಕೊನೆಯ ಹಂತವಷ್ಟೇ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಇದನ್ನು ತೀರ್ಮಾನಿಸಲು ಒಳಬಂದ ವಿದೇಶಿ ಹಣದ ಅಡ್ವೈಸನ್ನು ಬ್ಯಾಂಕಿನಿಂದ ಪಡೆದು, ಎಕ್ಸ್‌ಚೇಂಜ್ ಹೌಸಿನ ರಸೀದಿಯ ಮೊತ್ತ ಹಾಗೂ ದಿನಾಂಕಗಳೊಡನೆ ತಾಳೆ ನೋಡಿದೆ. ಎಲ್ಲವೂ ಹೊಂದಿದವು.

ಹೊಂದದೆ ಉಳಿದದ್ದು ಒಂದೇ ಜಮೆ, 50,000 ರೂಪಾಯಿಯದು. ಇಂಡಿ ಪಟ್ಟಣದಲ್ಲಿರುವ ಗೆಳೆಯನೊಬ್ಬ ಕೈಗಡವನ್ನು ತೀರಿಸಿದ್ದ. ಅದು ಈ ದೇಶದೊಳಗಿನ ರೂಪಾಯಿಯಾದ್ದರಿಂದ ಅದರ ಜಾಗ ಎನ್‌ಆರ್‌ಒ. ಹೊರದೇಶಕ್ಕೆ ಸಲೀಸಾಗಿ ಹೋಗಬಲ್ಲ ಖಾತೆಯಲ್ಲಿ ಅದು ಕುಳಿತಿದ್ದರೆ ಮುಂದೆ ಪ್ರಶ್ನೆ ಏಳುತ್ತದೆ. ಮಗನಿಂದ ಪತ್ರ ಬರೆಸಿ ಅದನ್ನು ಎನ್‌ಆರ್‌ಒಗೆ ವರ್ಗಾಯಿಸಿದೆವು.

ಎನ್‌ಆರ್‌ಒ ಹಾಳೆಯನ್ನು ಓದುವ ಕ್ರಮವೇ ಬೇರೆ. ಇಲ್ಲಿ ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ಹಣ, ಕುಟುಂಬದವರು ರೂಪಾಯಿಯಲ್ಲಿ ಕೊಟ್ಟದ್ದು, ಎಲ್ಲಕ್ಕೂ ಪ್ರವೇಶ ಉಂಟು; ನೋಡಬೇಕಾದದ್ದು ಪ್ರತಿ ಮೊತ್ತದ ಹಿಂದಿನ ತೆರಿಗೆ. ನವೆಂಬರಿನಲ್ಲಿ ನಿವೇಶನದ ಬಾಬ್ತು ಜಮೆಯಾದದ್ದು 31,68,000 ರೂಪಾಯಿ, ಆದರೆ ಕ್ರಯಪತ್ರದಲ್ಲಿದ್ದದ್ದು 40 ಲಕ್ಷ. ನಡುವಿನ 8,32,000 ರೂಪಾಯಿ ಖರೀದಿದಾರರು ಆಗಿನ ದರದಂತೆ ಶೇಕಡಾ 20.8ರಷ್ಟು ಮುರಿದುಕೊಂಡು ಕಟ್ಟಿದ ತೆರಿಗೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮೊದಲೇ ಪಡೆಯದಿದ್ದುದರಿಂದ ಅದು ಲಾಭದ ಮೇಲಷ್ಟೇ ಬೀಳದೆ ಪೂರ್ತಿ ಬೆಲೆಯ ಮೇಲೆ ಬಿದ್ದಿತ್ತು. ಹೆಚ್ಚಿನದನ್ನು ರಿಟರ್ನ್ ಸಲ್ಲಿಸಿ ಹಿಂಪಡೆಯಬೇಕು. ನಮ್ಮ ಕಡೆ ಕೆಡುತ್ತಿದ್ದುದು ಬೇರೊಂದು ಕಡೆ: ಮಾರುವವರು ಅನಿವಾಸಿ ಎಂಬುದನ್ನು ಗಮನಿಸದೆ, ಖರೀದಿದಾರರು ನಿವಾಸಿಗಳಿಂದ ಕೊಳ್ಳುವಾಗಿನಂತೆ ಶೇಕಡಾ 1 ಮಾತ್ರ ಹಿಡಿದು 26ಕ್ಯೂಬಿ ನಮೂನೆ ಸಲ್ಲಿಸುತ್ತಿದ್ದರು. ಆಗಿನ ನಿಯಮದಂತೆ ಅನಿವಾಸಿಯ ಆಸ್ತಿಗೆ ಖರೀದಿದಾರರು ತೆರಿಗೆ ಕಡಿತ ಮಾಡುವವರ ಸಂಖ್ಯೆಯಾದ ಟ್ಯಾನ್ ಪಡೆದು 27ಕ್ಯೂ ನಮೂನೆ ಸಲ್ಲಿಸಬೇಕಿತ್ತು. ಈ ಪ್ರಕರಣದಲ್ಲಿ ಮಗನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ 8,32,000 ರೂಪಾಯಿ ಸರಿಯಾದ ಕಲಮಿನಡಿ ಕಂಡಮೇಲೆಯೇ ನಾನು ಮುಂದಕ್ಕೆ ಹೋದೆ.

ಡಿಸೆಂಬರ್ ಕೊನೆಯಿಂದ ಮುಂದಿನ ಮುಖ್ಯ ಸಾಲುಗಳು ಹೀಗಿದ್ದವು.

```
NRO
INT.PD              8,000.00  CR
TDS ON INT          2,496.00  DR
TRF TO NRE      31,00,000.00  DR

NRE
TRF FROM NRO    31,00,000.00  CR
```

ಮೊದಲ ಎರಡು ಸಾಲುಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಎನ್‌ಆರ್‌ಒ ಬಡ್ಡಿಯ ಮೇಲೆ ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್ ಸೇರಿ 31.2 ಕಡಿತವಾಗುತ್ತದೆ, ನಿವಾಸಿಗಳಿಗಿರುವಂತೆ ಇಷ್ಟರವರೆಗೆ ಕಡಿತವಿಲ್ಲ ಎಂಬ ಮಿತಿ ಅನಿವಾಸಿಗಿಲ್ಲ. ಎನ್‌ಆರ್‌ಇ ಹಾಳೆಯಲ್ಲಿ ಬಡ್ಡಿಯ ಸಾಲು ಒಂಟಿಯಾಗಿರುತ್ತದೆ, ಏಕೆಂದರೆ ಅದಕ್ಕೆ ಇಲ್ಲಿ ಆದಾಯ ತೆರಿಗೆಯಿಲ್ಲ. ಖಾತೆಯ ಹೆಸರು ಮುಚ್ಚಿಟ್ಟು ಸ್ಟೇಟ್‌ಮೆಂಟ್ ಕೊಟ್ಟರೂ ಬಡ್ಡಿಯ ಕೆಳಗಿನ ಸಾಲನ್ನು ನೋಡಿ ಅದು ಯಾವುದೆಂದು ಹೇಳಬಹುದು.

31 ಲಕ್ಷದ ಸಾಲು ಒಂದೇ ಬ್ಯಾಂಕಿನ ಎರಡು ಖಾತೆಗಳ ನಡುವಿನ ಸರಳ ವರ್ಗಾವಣೆಯಂತೆ ಕಂಡರೂ, ಕಾನೂನಿನ ಲೆಕ್ಕದಲ್ಲಿ ಹಣ ದೇಶದಾಚೆಗೆ ಸಾಗುವ ಹೆಜ್ಜೆ ಅದೇ. ಎನ್‌ಆರ್‌ಒದಿಂದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಹಣಕಾಸು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿ ಇದೆ, ಮತ್ತು ಎನ್‌ಆರ್‌ಇಗೆ ವರ್ಗಾಯಿಸಿದ್ದೂ ಅದರೊಳಗೇ ಎಣಿಕೆಯಾಗುತ್ತದೆ. ಆಗ ಡಾಲರಿಗೆ ಸುಮಾರು 83 ರೂಪಾಯಿ ಇದ್ದುದರಿಂದ ನಮ್ಮದು 37,000 ಡಾಲರಿನ ಆಸುಪಾಸು. ಬಾಡಿಗೆ, ಬಡ್ಡಿಯಂತಹ ಚಾಲ್ತಿ ಆದಾಯ ತೆರಿಗೆ ಕಳೆದ ಮೇಲೆ ಈ ಮಿತಿಯಲ್ಲಿ ಎಣಿಕೆಯಾಗದೆಯೇ ಹೊರದೇಶಕ್ಕೆ ಹೋಗಬಹುದು. ಆದ್ದರಿಂದ ನಿವೇಶನದ ಹಣವನ್ನೂ ಬಾಡಿಗೆಯ ಹಣವನ್ನೂ ಒಂದೇ ಮೊತ್ತದಲ್ಲಿ ಕಲಸದೆ, 31 ಲಕ್ಷವೆಂಬ ದುಂಡು ಮೊತ್ತವನ್ನು ಕ್ರಯದ ಹಣದಿಂದಲೇ ತೋರಿಸಿದೆವು. ತೆರಿಗೆಯ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರವಾದ 15ಸಿಬಿಯನ್ನು ನಾನು ಕೊಟ್ಟೆ, ಮಗ ಅದರ ಆಧಾರದ ಮೇಲೆ ರವಾನೆಯ ಘೋಷಣೆಯಾದ 15ಸಿಎ ಸಲ್ಲಿಸಿದ. ಕ್ರಯಪತ್ರ, ತೆರಿಗೆಯ ದಾಖಲೆ ಮತ್ತು ಆಸ್ತಿ ಅಜ್ಜನಿಂದ ಬಂದದ್ದಕ್ಕೆ ಆಧಾರವನ್ನು ಬ್ಯಾಂಕಿಗೆ ಒಪ್ಪಿಸಿದ ಮೇಲೆ ಆ ಸಾಲು ಮೂಡಿತು.

ಫೆಬ್ರವರಿಯಲ್ಲಿ ಆ 31 ಲಕ್ಷ ಎನ್‌ಆರ್‌ಇಯಿಂದ ದುಬೈಗೆ ಹೊರಟಾಗ ಇಷ್ಟೆಲ್ಲ ಕಾಗದ ಬೇಕಾಗಲಿಲ್ಲ. `OUTWARD REM` ಎಂಬ ಒಂದು ಖರ್ಚು, ಅದರ ಹಿಂದೆಯೇ ಬ್ಯಾಂಕಿನ ಶುಲ್ಕ, ಮತ್ತೆ ಪ್ರತ್ಯೇಕವಾಗಿ 1,368 ರೂಪಾಯಿ ಜಿಎಸ್‌ಟಿ. ಈ ಕೊನೆಯದನ್ನು ಕಂಡು ತಂದೆಯವರು ಇದ್ಯಾವ ಲೆಕ್ಕವೆಂದು ಕೇಳಿದರು. ಹಣ ಬದಲಾಯಿಸುವ ಸೇವೆಯ ಮೌಲ್ಯವನ್ನು, ಹತ್ತು ಲಕ್ಷ ದಾಟಿದರೆ, 5,500 ರೂಪಾಯಿ ಮತ್ತು ಹತ್ತು ಲಕ್ಷದಾಚೆ ಮಿಕ್ಕ ಮೊತ್ತದ ಶೇಕಡಾ 0.1 ಎಂದು ಹಿಡಿಯುತ್ತಾರೆ. ಮಿಕ್ಕ 21 ಲಕ್ಷಕ್ಕೆ 2,100 ಆಗಿ, ಒಟ್ಟು 7,600. ಅದರ ಶೇಕಡಾ 18 ಎಂದರೆ 1,368. ಡಾಲರಿನ ದರ ಸ್ಟೇಟ್‌ಮೆಂಟಿನಲ್ಲಿರಲಿಲ್ಲ, ರವಾನೆಯ ಅಡ್ವೈಸಿನಲ್ಲಿತ್ತು.

ಇಲ್ಲಿ ನಾನು ಹುಡುಕಿದ ಇನ್ನೊಂದು ಸಾಲು `TCS`, ಎಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ. ಅದು ನಿವಾಸಿಗಳು ಹೊರಗೆ ಹಣ ಕಳಿಸುವ ಎಲ್‌ಆರ್‌ಎಸ್ ಯೋಜನೆಗೆ ಸಂಬಂಧಿಸಿದ್ದು. ಅನಿವಾಸಿಯ ಖಾತೆಯ ರವಾನೆಯಲ್ಲಿ ಅದು ಕಂಡರೆ ಬ್ಯಾಂಕಿನವರು ವ್ಯವಹಾರವನ್ನು ತಪ್ಪು ಬಾಬ್ತಿನಲ್ಲಿ ಹಾಕಿದ್ದಾರೆ ಎಂದರ್ಥ, ಕೂಡಲೇ ಲಿಖಿತವಾಗಿ ತಿದ್ದಿಸಿಕೊಳ್ಳಬೇಕು. ಈ ಹಾಳೆಯಲ್ಲಿ ಅದು ಇರಲಿಲ್ಲ.